ಲಾಭದಲ್ಲಿರುವ ಕಾಲ್: ಎಕ್ಸರ್‌ಸೈಸ್ ಮಾಡೋದಾ, ಮಾರೋದಾ?

"ನಾನು 4ಕ್ಕೆ ಕೊಂಡ ಕಾಲ್ ಈಗ 14 ದಾಟಿದೆ. ಎಕ್ಸ್‌ಪೈರಿಗೆ ಇನ್ನೂ ಐದು ವಾರ ಇದೆ. ಲಾಭ ಕೈಗೆ ಬರಬೇಕಂದ್ರೆ ಎಕ್ಸರ್‌ಸೈಸ್ ಮಾಡಬೇಕಾ, ಇಲ್ಲಾ ಆಪ್ಷನ್ನನ್ನೇ ಮಾರಿಬಿಡಬಹುದಾ?"

ಮಾರಿ. ಕಾಲ್ ಅಂದರೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು, ಎಕ್ಸ್‌ಪೈರಿ ಅದರ ಅವಧಿ ಮುಗಿಯುವ ದಿನ, ಆ ಹಕ್ಕು ಬಳಸಿ ಷೇರು ಕೊಳ್ಳುವುದೇ ಎಕ್ಸರ್‌ಸೈಸ್. ಎಕ್ಸರ್‌ಸೈಸ್ ಮಾಡುವುದೇ ಸರಿ ಅನ್ನುವ ಸಂದರ್ಭಗಳು ಒಂದೆರಡು ಇವೆ, ಅವುಗಳಿಗೆ ಆಮೇಲೆ ಬರುತ್ತೇನೆ. ಆದರೆ ಈ ಪ್ರಶ್ನೆ ಕೇಳುವ ಹತ್ತರಲ್ಲಿ ಒಂಬತ್ತು ಜನಕ್ಕೆ ಉತ್ತರ ಇಷ್ಟೇ. ಯಾಕೆ ಅನ್ನುವುದು ಲೆಕ್ಕ ಬಿಡಿಸಿದರೆ ತಾನಾಗಿ ಕಾಣುತ್ತದೆ.

ನಿಮ್ಮ ಕಾಲ್‌ನ ಸ್ಟ್ರೈಕ್ ಬೆಲೆ, ಅಂದರೆ ಆ ನಿಗದಿತ ಬೆಲೆ, 100, ಷೇರು ಈಗ 112ರಲ್ಲಿದೆ, ಆಪ್ಷನ್ 14.20ಕ್ಕೆ ಹೋಗುತ್ತಿದೆ ಅಂದುಕೊಳ್ಳೋಣ. ಒಂದು ಕಾಂಟ್ರಾಕ್ಟ್‌ಗೆ 100 ಷೇರು. ಎಕ್ಸರ್‌ಸೈಸ್ ಮಾಡಿದರೆ 10,000 ಕಟ್ಟಿ, 11,200 ಬೆಲೆಯ ಷೇರು ಪಡೆಯುತ್ತೀರಿ. ವ್ಯತ್ಯಾಸ 1,200. ಅದರಲ್ಲಿ ಪ್ರೀಮಿಯಂ ಎಂದು ಮೊದಲೇ ಕೊಟ್ಟ 400 ಕಳೆದರೆ ಲಾಭ 800. ಅದೇ ಆಪ್ಷನ್ನನ್ನು ಮಾರಿದರೆ 1,420 ಕೈಗೆ ಬರುತ್ತದೆ, 400 ಕಳೆದರೆ 1,020. ಅದೇ ದಿನ, ಅದೇ ಷೇರು, ಆದರೂ 220 ಹೆಚ್ಚು. ಮೇಲಾಗಿ 10,000 ಹೊಂದಿಸುವ ತಲೆನೋವೂ ಇಲ್ಲ.

ಆ 220 ಎಲ್ಲಿಂದ ಬಂತು? 14.20ರಲ್ಲಿ 12 ಅನ್ನುವುದು ಷೇರಿನ ಬೆಲೆಗೂ ಸ್ಟ್ರೈಕ್‌ಗೂ ಇರುವ ಅಂತರ. ಇದನ್ನೇ ಇಂಟ್ರಿನ್ಸಿಕ್ ವ್ಯಾಲ್ಯೂ ಅನ್ನುತ್ತಾರೆ. ಉಳಿದ 2.20 ಟೈಮ್ ವ್ಯಾಲ್ಯೂ. ಎಕ್ಸರ್‌ಸೈಸ್ ಮಾಡಿದವರಿಗೆ ಮೊದಲನೆಯದಷ್ಟೇ ಸಿಗುತ್ತದೆ. ಎರಡನೆಯದು ಆ ಕ್ಷಣದಲ್ಲೇ ಆವಿಯಾಗುತ್ತದೆ. ಯಾರೂ ಕಿತ್ತುಕೊಂಡಿದ್ದಲ್ಲ, ನಾವೇ ಬಿಟ್ಟುಕೊಟ್ಟಿದ್ದು.

"ಟೈಮ್ ವ್ಯಾಲ್ಯೂ ಅಂದರೆ ಬರೀ ಗಾಳಿ, ಹೇಗಿದ್ದರೂ ಕರಗಿಹೋಗುತ್ತೆ" ಅನ್ನುವವರಿದ್ದಾರೆ. ಕರಗುತ್ತದೆ, ನಿಜ. ಆದರೆ ಗಾಳಿಯಲ್ಲ. ಅದರೊಳಗೆ ಎರಡು ವಸ್ತುಗಳಿವೆ. ಒಂದು, 10,000ವನ್ನು ಇನ್ನೂ ಐದು ವಾರ ಕೈಯಲ್ಲೇ ಇಟ್ಟುಕೊಳ್ಳುವ ಸೌಲಭ್ಯ. ವರ್ಷಕ್ಕೆ ಶೇ. 5ರ ಬಡ್ಡಿ ಹಿಡಿದರೆ ಅದು 48ರ ಆಸುಪಾಸು, ಅಂದರೆ ಷೇರಿಗೆ ಸುಮಾರು 0.50. ಇನ್ನೊಂದು, ಷೇರು 100ಕ್ಕಿಂತ ಕೆಳಗೆ ಬಿದ್ದರೆ ಆ ನಷ್ಟ ನಿಮ್ಮದಲ್ಲ ಅನ್ನುವ ರಕ್ಷಣೆ. ಈ ರಕ್ಷಣೆಯ ಬೆಲೆಯನ್ನು ನೀವು ಕಣ್ಣಾರೆ ನೋಡಬಹುದು. ಅದೇ ಎಕ್ಸ್‌ಪೈರಿಯ, ಅದೇ 100ರ ಸ್ಟ್ರೈಕ್‌ನ ಪುಟ್, ಅಂದರೆ ಆ ಬೆಲೆಗೆ ಷೇರು ಮಾರುವ ಹಕ್ಕು, ಎಷ್ಟಕ್ಕೆ ಹೋಗುತ್ತಿದೆ ನೋಡಿ. ನಮ್ಮ ಉದಾಹರಣೆಯಲ್ಲಿ ಅದು 1.70ರ ಹತ್ತಿರ ಇರುತ್ತದೆ. ಆ 0.50ಕ್ಕೆ 1.70 ಸೇರಿಸಿದರೆ 2.20. ಷೇರಿಗೆ ಈ ನಡುವೆ ಡಿವಿಡೆಂಡ್ ಇಲ್ಲದಿದ್ದರೆ ಲೆಕ್ಕ ಹೆಚ್ಚುಕಡಿಮೆ ಹೀಗೇ ಕೂಡಿಬರುತ್ತದೆ.

ಈ ರಕ್ಷಣೆಗೆ ಎಷ್ಟು ತೂಕವಿದೆ ಅನ್ನುವುದು ಐದು ವಾರ ಮುಂದೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಇಬ್ಬರು ಇದ್ದಾರೆ ಅಂದುಕೊಳ್ಳಿ. ಒಬ್ಬರು ಇವತ್ತೇ ಎಕ್ಸರ್‌ಸೈಸ್ ಮಾಡಿ ಷೇರು ಇಟ್ಟುಕೊಂಡರು. ಇನ್ನೊಬ್ಬರು ಏನೂ ಮಾಡದೆ ಕಾಲ್ ಹಿಡಿದು ಕೂತರು. ಷೇರು 130ಕ್ಕೆ ಏರಿದರೆ ಮೊದಲಿನವರ ಲಾಭ 2,600, ಎರಡನೆಯವರದ್ದೂ 2,600. ಸಮ. ಷೇರು 85ಕ್ಕೆ ಬಿದ್ದರೆ? ಎಕ್ಸರ್‌ಸೈಸ್ ಮಾಡಿದವರು ಪ್ರೀಮಿಯಂ ಸೇರಿ ಷೇರಿಗೆ 104 ಹಾಕಿದ್ದಾರೆ, 1,900 ನಷ್ಟ. ಕಾಲ್ ಹಿಡಿದವರ ನಷ್ಟ 400, ಅಲ್ಲಿಗೆ ನಿಂತಿತು. ಏರಿದರೆ ಮೊದಲಿನವರಿಗೆ ಹೆಚ್ಚೇನೂ ಸಿಗಲಿಲ್ಲ, ಇಳಿದರೆ ಮಾತ್ರ ಪೆಟ್ಟು ಜಾಸ್ತಿ. ಡಿವಿಡೆಂಡ್ ಕೊಡದ ಷೇರಿನ ಕಾಲನ್ನು ಅವಧಿಗೆ ಮೊದಲು ಎಕ್ಸರ್‌ಸೈಸ್ ಮಾಡುವುದರಲ್ಲಿ ಲಾಭವಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1973ರಲ್ಲೇ ತೋರಿಸಿಕೊಟ್ಟರು. ಅವರ ಗಣಿತ ನಮಗೆ ಬೇಡ, ಈ ಇಬ್ಬರ ಕಥೆ ಸಾಕು.

ಇಲ್ಲಿ ಎರಡನೇ ಪ್ರಶ್ನೆ ಬರುತ್ತದೆ: "ನನಗೆ ಆ ಷೇರೇ ಬೇಕು, ವರ್ಷಗಟ್ಟಲೆ ಇಟ್ಟುಕೊಳ್ಳೋಕೆ." ಆಗಲೂ ಮಾರಿ. ಕಾಲ್ ಮಾರಿ 14.20 ತೆಗೆದುಕೊಂಡು, ಮಾರುಕಟ್ಟೆಯಲ್ಲಿ 112 ಕೊಟ್ಟು ಷೇರು ಕೊಳ್ಳಿ. ನಿಮ್ಮ ಕೈಯಿಂದ ಹೋಗುವುದು ಷೇರಿಗೆ 97.80. ಎಕ್ಸರ್‌ಸೈಸ್ ಮಾಡಿದ್ದರೆ 100 ಹೋಗುತ್ತಿತ್ತು. ಎರಡು ವ್ಯವಹಾರಕ್ಕೆ ಎರಡು ಸಲ ಬ್ರೋಕರೇಜ್ ಬೀಳುತ್ತದೆ, ಅದನ್ನು ಕಳೆದು ನೋಡಿ. ಅದು 220ರಷ್ಟಾಗದಿದ್ದರೆ ಮಾರಿ ಕೊಳ್ಳುವುದೇ ಅಗ್ಗ.

ನಾನು ಇದನ್ನು ಕಲಿತದ್ದು ದುಡ್ಡು ಕೊಟ್ಟೇ. ನನ್ನ ಮೊದಲ ಲಾಭದ ಕಾಲನ್ನು ಎಕ್ಸರ್‌ಸೈಸ್ ಮಾಡಿ, ಷೇರು ಖಾತೆಗೆ ಬಂದ ಮೇಲೆ ಮಾರಿದೆ. ಷೇರಿನ ಬೆಲೆ ಆ ಹೊತ್ತಿಗೆ ಕದಲಿರಲೇ ಇಲ್ಲ, ಆದರೂ ಸಿಕ್ಕಿದ್ದು ಹಿಂದಿನ ದಿನ ಪರದೆಯ ಮೇಲೆ ಕಂಡಿದ್ದ ಲಾಭಕ್ಕಿಂತ ಕಡಿಮೆ. ಏನೋ ಶುಲ್ಕ ಹಿಡಿದಿರಬೇಕು ಅಂತ ಸ್ಟೇಟ್‌ಮೆಂಟ್ ಎರಡು ಸಲ ಓದಿದೆ. ಶುಲ್ಕ ಚಿಲ್ಲರೆ. ಕಾಣೆಯಾಗಿದ್ದು ಟೈಮ್ ವ್ಯಾಲ್ಯೂ, ಅದಕ್ಕೆ ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲೂ ಇರುವುದಿಲ್ಲ. ಈ ತಪ್ಪು ಬಹಳ ಜನಕ್ಕೆ ತಪ್ಪೆಂದೇ ಗೊತ್ತಾಗದಿರುವುದು ಅದಕ್ಕೇ.

ಇನ್ನು ಎಕ್ಸರ್‌ಸೈಸ್ ಅರ್ಥಪೂರ್ಣವಾಗುವ ಸಂದರ್ಭಗಳು. ಅದಕ್ಕೂ ಮೊದಲು ಒಂದು ಮಾತು: ಯುರೋಪಿಯನ್ ಮಾದರಿಯ ಆಪ್ಷನ್‌ಗಳನ್ನು ಎಕ್ಸ್‌ಪೈರಿಗೆ ಮೊದಲು ಎಕ್ಸರ್‌ಸೈಸ್ ಮಾಡಲು ಬರುವುದೇ ಇಲ್ಲ. ಅವಧಿಗೆ ಮೊದಲು ಹೊರಬರಲು ಮಾರುವುದೊಂದೇ ದಾರಿ. ಯಾವಾಗ ಬೇಕಾದರೂ ಎಕ್ಸರ್‌ಸೈಸ್ ಮಾಡಬಹುದಾದದ್ದು ಅಮೆರಿಕನ್ ಮಾದರಿ. ಹೆಸರಿಗೂ ಊರಿಗೂ ಸಂಬಂಧವಿಲ್ಲ, ಇದು ಕಾಂಟ್ರಾಕ್ಟ್‌ನ ನಿಯಮ ಅಷ್ಟೇ. ನಿಮ್ಮದು ಯಾವುದು ಅನ್ನುವುದನ್ನು ಕಾಂಟ್ರಾಕ್ಟ್ ವಿವರದಲ್ಲಿ ನೋಡಿಕೊಳ್ಳಿ. ಮುಂದಿನ ಎರಡು ಪ್ಯಾರಾ ಅಮೆರಿಕನ್ ಮಾದರಿಗೆ ಮಾತ್ರ.

ಮುಖ್ಯವಾದದ್ದು ಡಿವಿಡೆಂಡ್. ಎಕ್ಸ್-ಡಿವಿಡೆಂಡ್ ದಿನ, ಅಂದರೆ ಅವತ್ತಿನಿಂದ ಷೇರು ಕೊಂಡವರಿಗೆ ಆ ಡಿವಿಡೆಂಡ್ ಸಿಗದ ದಿನ, ಷೇರಿನ ಬೆಲೆ ಡಿವಿಡೆಂಡಿನಷ್ಟು ಇಳಿದು ಶುರುವಾಗುತ್ತದೆ. ಷೇರು ಹಿಡಿದವರಿಗೆ ಆ ಇಳಿಕೆಯ ಬದಲಿಗೆ ಡಿವಿಡೆಂಡ್ ಬರುತ್ತದೆ. ಕಾಲ್ ಹಿಡಿದವರಿಗೆ ಇಳಿಕೆ ಮಾತ್ರ, ಯಾಕೆಂದರೆ ಮಾಮೂಲಿ ಡಿವಿಡೆಂಡ್‌ಗಾಗಿ ಸ್ಟ್ರೈಕ್ ಬೆಲೆಯನ್ನು ಇಳಿಸುವುದಿಲ್ಲ. ನಮ್ಮದೇ ಕಾಲ್‌ಗೆ ಈಗ ನಾಲ್ಕೇ ದಿನ ಉಳಿದಿದೆ, ಷೇರು 112ರಲ್ಲೇ ಇದೆ, ನಾಳೆ ಎಕ್ಸ್-ಡಿವಿಡೆಂಡ್, ಷೇರಿಗೆ 3 ಕೊಡುತ್ತಾರೆ ಅನ್ನೋಣ. ಸುಮ್ಮನೆ ಕೂತರೆ ನಾಳೆ ಷೇರು 109ರ ಸುತ್ತ ಇರುತ್ತದೆ, ಕಾಲ್ 12ರಿಂದ 9ರ ಹತ್ತಿರಕ್ಕೆ ಕುಸಿಯುತ್ತದೆ. ಇವತ್ತೇ ಎಕ್ಸರ್‌ಸೈಸ್ ಮಾಡಿದ್ದರೆ 109ರ ಷೇರು, ಜೊತೆಗೆ 3. ಇಲ್ಲಿ ಕೇಳಬೇಕಾದದ್ದು ಒಂದೇ: ಡಿವಿಡೆಂಡ್ ದೊಡ್ಡದೋ, ಬಿಟ್ಟುಕೊಡುವ ಬಡ್ಡಿ ಮತ್ತು ರಕ್ಷಣೆ ದೊಡ್ಡದೋ? ಅದೇ ಸ್ಟ್ರೈಕ್‌ನ ಪುಟ್ 0.15ಕ್ಕೆ ಹೋಗುತ್ತಿದ್ದರೆ, ನಾಲ್ಕು ದಿನದ ಬಡ್ಡಿ ಸೇರಿಸಿದರೂ 0.21ರ ಮೇಲೆ ಹೋಗುವುದು ಕಷ್ಟ. ಅದರ ಎದುರು 3. ಷೇರು ಬೇಕಿದ್ದವರು ಎಕ್ಸರ್‌ಸೈಸ್ ಮಾಡಬೇಕು. ಬೇಡದವರು ಇವತ್ತೇ ಮಾರಬೇಕು. ಏನೂ ಮಾಡದೆ ರಾತ್ರಿ ಕಳೆಯುವುದು ಮಾತ್ರ ಶುದ್ಧ ನಷ್ಟ. ಐದು ವಾರ ಬಾಕಿಯಿದ್ದು ಡಿವಿಡೆಂಡ್ 0.50 ಮಾತ್ರ ಇದ್ದರೆ ಲೆಕ್ಕ ತಲೆಕೆಳಗು, ಎಕ್ಸರ್‌ಸೈಸ್ ಬೇಡ.

ಇನ್ನೊಂದು, ಕೊಳ್ಳುವವರೇ ಇಲ್ಲದ ಆಪ್ಷನ್. ಸ್ಟ್ರೈಕ್‌ನಿಂದ ಷೇರು ಬಹಳ ಮೇಲೆ ಹೋದಾಗ ಕೊಳ್ಳುವವರ ಬಿಡ್ 11.60, ಮಾರುವವರ ಆಸ್ಕ್ 13.50 ಅನ್ನುವಂಥ ಅಗಲ ಕಾಣುತ್ತದೆ. ಇಂಟ್ರಿನ್ಸಿಕ್ 12 ಇರುವಾಗ ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್ ಹಾಕಿದರೆ 11.60ಕ್ಕೆ ಕೊಟ್ಟು ಕಾಂಟ್ರಾಕ್ಟ್‌ಗೆ 40 ಕಳೆದುಕೊಳ್ಳುತ್ತೀರಿ. ಗಾಬರಿ ಬೀಳದೆ 12.50ಕ್ಕಿಂತ ಕಡಿಮೆಗೆ ಮಾರದ ಲಿಮಿಟ್ ಆರ್ಡರ್ ಹಾಕಿ, ಆಗದಿದ್ದರೆ ಸ್ವಲ್ಪ ಸ್ವಲ್ಪವೇ 12ರವರೆಗೆ ಇಳಿಸಿ. ಬಹಳ ಸಲ ಎದುರಿನವರು ತೆಗೆದುಕೊಳ್ಳುತ್ತಾರೆ. 12ಕ್ಕೂ ಯಾರೂ ಬಾರದಿದ್ದರೆ ಎಕ್ಸರ್‌ಸೈಸ್ ಮಾಡಿ ಷೇರು ಮಾರುವ ದಾರಿ ಇದೆ. ಆದರೆ ಷೇರು ಖಾತೆಗೆ ಬರುವ ಹೊತ್ತಿಗೆ ಬೆಲೆ ಎಲ್ಲಿರುತ್ತದೋ ಹೇಳಲಾಗದು. 40 ಉಳಿಸಲು ಹೋಗಿ ಒಂದು ರಾತ್ರಿಯ ಏರಿಳಿತ ಮೈಮೇಲೆ ಎಳೆದುಕೊಳ್ಳುವುದು ನನಗಂತೂ ಇಷ್ಟವಿಲ್ಲ.

ಕಡೆಗೆ ಎಕ್ಸ್‌ಪೈರಿ ದಿನ. ಟೈಮ್ ವ್ಯಾಲ್ಯೂ ಅವತ್ತು ಹತ್ತಿರಹತ್ತಿರ ಸೊನ್ನೆ, ಹಾಗಾಗಿ ಮಾರುವುದಕ್ಕೂ ಎಕ್ಸರ್‌ಸೈಸ್‌ಗೂ ಲಾಭದಲ್ಲಿ ಅಂಥ ವ್ಯತ್ಯಾಸವಿಲ್ಲ. ಅಪಾಯ ಬೇರೆ ಕಡೆ ಇದೆ. ಲಾಭದಲ್ಲಿರುವ ಕಾಲನ್ನು ಮರೆತುಬಿಟ್ಟರೆ ಹೆಚ್ಚಿನ ಮಾರುಕಟ್ಟೆಗಳಲ್ಲಿ ಅದು ತಾನಾಗಿಯೇ ಎಕ್ಸರ್‌ಸೈಸ್ ಆಗುತ್ತದೆ. ಕ್ಯಾಶ್ ಸೆಟಲ್‌ಮೆಂಟ್ ಇದ್ದರೆ ವ್ಯತ್ಯಾಸದ ಹಣ ಬರುತ್ತದೆ, ಚಿಂತೆಯಿಲ್ಲ. ಷೇರನ್ನೇ ಕೊಡುವ ಕಾಂಟ್ರಾಕ್ಟ್ ಆಗಿದ್ದರೆ 400 ಹಾಕಿದ್ದ ನಿಮ್ಮಿಂದ 10,000 ಕೇಳುತ್ತಾರೆ. ಖಾತೆಯಲ್ಲಿ ಅಷ್ಟಿಲ್ಲ ಎಂದು ಕಂಡರೆ ಬ್ರೋಕರ್ ಮುಂಚೆಯೇ, ತನಗೆ ಸರಿಕಂಡ ಬೆಲೆಗೆ ನಿಮ್ಮ ಆಪ್ಷನ್ ಮಾರಿಬಿಡಬಹುದು. ಅವರಿಗೆ ನಿಮ್ಮ ಒಂದೆರಡು ಪಾಯಿಂಟ್ ಮುಖ್ಯವಲ್ಲ.

ಹಾಗಾಗಿ ಷೇರು ಬೇಡ ಅನ್ನುವವರು ಕೊನೆಯ ದಿನದ ಕೊನೆಯ ಗಂಟೆಗೆ ಕಾಯದೆ, ಒಂದೆರಡು ದಿನ ಮೊದಲೇ ಲಿಮಿಟ್ ಆರ್ಡರ್ ಹಾಕಿ ಹೊರಬನ್ನಿ. ಮಾರುವಾಗ ಈಗಿರುವ ಪೊಸಿಷನ್ ಮುಚ್ಚುವ ಆಯ್ಕೆಯನ್ನೇ ಒತ್ತಿದ್ದೀರಾ, ಸ್ಟ್ರೈಕ್ ಮತ್ತು ಎಕ್ಸ್‌ಪೈರಿ ನಿಮ್ಮದೇನಾ ಎಂದು ನೋಡಿ. ಕೈತಪ್ಪಿ ಪಕ್ಕದ ಸ್ಟ್ರೈಕ್‌ನ ಕಾಲ್ ಮಾರಿದರೆ ಹಳೆಯದು ಹಾಗೇ ಉಳಿಯುತ್ತದೆ, ಜೊತೆಗೆ ಕಾಲ್ ಬರೆದುಕೊಟ್ಟು, ಕೇಳಿದಾಗ ಷೇರು ಕೊಡಬೇಕಾದ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ. ಆರ್ಡರ್ ಆದಮೇಲೆ ಪೊಸಿಷನ್ ಪುಟದಲ್ಲಿ ಆ ಕಾಲ್‌ನ ಸಂಖ್ಯೆ ಸೊನ್ನೆ ತೋರಿಸಬೇಕು. ಮೈನಸ್ ಏನಾದರೂ ಕಂಡರೆ ಅದನ್ನು ಕೂಡಲೇ ವಾಪಸ್ ಕೊಂಡು ಮುಚ್ಚಿ.