ಆ 92 ಮಿಲಿಮೋಲ್ ಎಲ್ಲಿಂದ ಬಂತು?

ಮೂತ್ರಪಿಂಡದ ಪಾಠ ಮುಗಿದ ವಾರ, ಮಂಗಳೂರಿನಲ್ಲಿ ಎಂಬಿಬಿಎಸ್ ಮೊದಲ ವರ್ಷದ ಹನ್ನೆರಡು ಮಂದಿಯ ಒಂದು ಗುಂಪಿನ ಜೊತೆ ಶನಿವಾರ ಮಧ್ಯಾಹ್ನವಿಡೀ ಪ್ರಶ್ನೆ ಬಿಡಿಸಲೆಂದೇ ಕೂತಿದ್ದೆ. ಹೊರಗೆ ಜುಲೈ ತಿಂಗಳ ಮಳೆ. ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದೆ. ಆರೋಗ್ಯವಂತ ವ್ಯಕ್ತಿಯೊಬ್ಬರ ಊಟದಲ್ಲಿ ದಿನಕ್ಕೆ 100 ಮಿಲಿಮೋಲ್ ಪೊಟ್ಯಾಶಿಯಂ ಸೇರುತ್ತದೆ. ಅದರಲ್ಲಿ 8 ಮಲದಲ್ಲಿ ಹೋಗುತ್ತದೆ, 92 ಮೂತ್ರದಲ್ಲಿ ಹೋಗುತ್ತದೆ. ಪ್ಲಾಸ್ಮಾದಲ್ಲಿ ಪೊಟ್ಯಾಶಿಯಂ ಲೀಟರಿಗೆ 4 ಮಿಲಿಮೋಲ್, ದಿನಕ್ಕೆ ಸೋಸಿ ಬರುವ ದ್ರವ 180 ಲೀಟರ್. ಮೂತ್ರದ 92 ಎಲ್ಲಿಂದ ಬಂತು ಎಂದು ಶೋಧನೆ, ಮರುಹೀರಿಕೆ, ಸ್ರವಿಕೆ ಈ ಕ್ರಮದಲ್ಲಿ ವಿವರಿಸಿ.

ಹತ್ತು ನಿಮಿಷದಲ್ಲಿ ಹಾಳೆಗಳು ಬಂದವು. ಹನ್ನೆರಡರಲ್ಲಿ ಒಂಬತ್ತು ಹಾಳೆಗಳಲ್ಲಿ ಇದ್ದದ್ದು ಒಂದೇ ಉತ್ತರ: 180ನ್ನು 4ರಿಂದ ಗುಣಿಸಿದರೆ 720, ಅದರಲ್ಲಿ 628 ಮರುಹೀರಿಕೆಯಾಯಿತು, ಉಳಿದ 92 ಮೂತ್ರಕ್ಕೆ ಹೋಯಿತು. ಸ್ರವಿಕೆಯ ಬಗ್ಗೆ ಕೊನೆಯಲ್ಲಿ ಒಂದು ಸಾಲು, ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೂಡಿಸಿ ಕಳೆದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ನನಗೆ ಚಿಂತೆಯಾದದ್ದೂ ಅದಕ್ಕೇ. ಅಂಕಿ ತಾಳೆಯಾದಾಗ ದಾರಿ ತಪ್ಪಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಹಾಗೆ ಬರೆದವರಿಗೆ ಮೂತ್ರದಲ್ಲಿರುವ ಪೊಟ್ಯಾಶಿಯಂ ಎಂದರೆ ಹೀರದೆ ಬಿಟ್ಟ ಉಳಿಕೆ. ನಿಜದಲ್ಲಿ ಹೆಚ್ಚುಕಡಿಮೆ ಆಗಬಲ್ಲ ಪಾಲು, ಸೋಸಿದ ದ್ರವ ಹರಿಯುವ ನಳಿಕೆಯ ಕೊನೆಯ ಭಾಗದಲ್ಲಿ ರಕ್ತದಿಂದ ಹೊಸದಾಗಿ ಸೇರಿಸಿದ್ದು, ಅಂದರೆ ಸ್ರವಿಕೆ.

ಶೋಧನೆಯಿಂದಲೇ ಶುರು ಮಾಡಿದೆವು. ರಕ್ತ ಸೋಸುವ ಲೋಮನಾಳಗಳ ಗಂಟಾದ ಗ್ಲೋಮೆರುಲಸ್‌ಗೆ ನಿಮಿಷಕ್ಕೆ ಸುಮಾರು 625 ಮಿಲಿಲೀಟರ್ ಪ್ಲಾಸ್ಮಾ ಬರುತ್ತದೆ. ಅದರಲ್ಲಿ 125, ಅಂದರೆ ಐದರಲ್ಲಿ ಒಂದು ಪಾಲು ಮಾತ್ರ ಗಂಟನ್ನು ಸುತ್ತಿರುವ ಬೌಮನ್ ಕೋಶಕ್ಕೆ ಸೋಸಿ ಇಳಿಯುತ್ತದೆ. ಪೊಟ್ಯಾಶಿಯಂ ಸಣ್ಣ ಅಯಾನು, ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲ. ಹಾಗಾಗಿ ಪ್ಲಾಸ್ಮಾದಲ್ಲಿ 4 ಇದ್ದರೆ ಸೋಸಿದ ದ್ರವದಲ್ಲಿಯೂ ಹೆಚ್ಚುಕಡಿಮೆ 4 ಇರುತ್ತದೆ. 720 ಬಂದದ್ದು ಹೀಗೆ. ಆದರೆ ಸೋಸದೆ ಉಳಿದ ಐದರಲ್ಲಿ ನಾಲ್ಕು ಪಾಲು ಪ್ಲಾಸ್ಮಾ ಎಲ್ಲಿಗೆ ಹೋಯಿತು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಅದು ಹೊರಹೋಗುವ ಅಪಧಮನಿಕೆಯ ಮೂಲಕ ನಳಿಕೆಯನ್ನು ಸುತ್ತಿಕೊಂಡಿರುವ ಲೋಮನಾಳಗಳಿಗೆ ಹೋಗುತ್ತದೆ. ಬಹಳಷ್ಟು ಮಂದಿಯ ಚಿತ್ರದಲ್ಲಿ ಈ ಲೋಮನಾಳಗಳೇ ಇರುವುದಿಲ್ಲ. ಅವನ್ನು ಬಿಡಿಸದಿದ್ದರೆ ಮರುಹೀರಿಕೆಯ ಬಾಣಕ್ಕೆ ತಲುಪುವ ಜಾಗವಿಲ್ಲ, ಸ್ರವಿಕೆಯ ಬಾಣಕ್ಕೆ ಹೊರಡುವ ಜಾಗವಿಲ್ಲ. ಸ್ರವಿಕೆಯ ಬಾಣವನ್ನು ಗ್ಲೋಮೆರುಲಸ್‌ನಿಂದ ಎಳೆದ ಎರಡು ಹಾಳೆಗಳೂ ಅವತ್ತು ಸಿಕ್ಕಿದವು. ಅದು ಶೋಧನೆಯನ್ನೇ ಎರಡನೇ ಸಲ ಬರೆದ ಹಾಗೆ.

ಇನ್ನು ಮರುಹೀರಿಕೆ. ನಳಿಕೆಯ ಮೊದಲ ಭಾಗವಾದ ಪ್ರಾಕ್ಸಿಮಲ್ ನಳಿಕೆಯಲ್ಲಿ ಸುಮಾರು 65 ಶೇಕಡಾ ಪೊಟ್ಯಾಶಿಯಂ ನೀರು ಮತ್ತು ಸೋಡಿಯಂನ ಹಿಂದೆಯೇ ರಕ್ತಕ್ಕೆ ಮರಳುತ್ತದೆ. 720ರಲ್ಲಿ 468 ಅಲ್ಲಿಯೇ ಹೋಯಿತು, ಉಳಿದದ್ದು 252. ಹೆನ್ಲೆಯ ಕುಣಿಕೆಯ ದಪ್ಪ ಏರುಭಾಗದಲ್ಲಿ ಒಂದು ಸೋಡಿಯಂ, ಒಂದು ಪೊಟ್ಯಾಶಿಯಂ, ಎರಡು ಕ್ಲೋರೈಡ್ ಒಟ್ಟಿಗೆ ಒಳಗೆ ಹೋಗುವ ಸಾಗಣೆಯಿದೆ. ಅಲ್ಲಿ ಮೊದಲಿನ 720ರ ಸುಮಾರು 25 ಶೇಕಡಾ, ಅಂದರೆ 180 ಹೋಗುತ್ತದೆ. ಕುಣಿಕೆಯ ಮುಂದಿನ ಡಿಸ್ಟಲ್ ನಳಿಕೆಯ ಬಾಗಿಲಿಗೆ ಬರುವಾಗ ಕೈಯಲ್ಲಿ ಉಳಿದದ್ದು 72.

ಮೂತ್ರದಲ್ಲಿ ಸಿಕ್ಕಿದ್ದು 92. ಕೊರತೆ 20.

ಇಲ್ಲಿಗೆ ಬಂದಾಗ ಬಂಟ್ವಾಳದ ಹುಡುಗಿಯೊಬ್ಬಳು ತಡೆದು ಕೇಳಿದಳು: "ಮೇಡಂ, ಕುಣಿಕೆಯಲ್ಲಿ ಸ್ವಲ್ಪ ಕಡಿಮೆ ಹೀರಿರ್ಬಹುದಲ್ವಾ? 180ರ ಬದಲು 160 ಅಂತ ಇಟ್ಕೊಂಡ್ರೆ ಸ್ರವಿಕೆಯೇ ಬೇಕಾಗಿಲ್ಲ."

ಒಳ್ಳೆಯ ಆಕ್ಷೇಪ. ಬರೀ ಮೂತ್ರ ಮತ್ತು ರಕ್ತದ ಅಂಕಿ ಹಿಡಿದುಕೊಂಡು ಇದಕ್ಕೆ ಉತ್ತರ ಕೊಡಲು ಸಾಧ್ಯವಿಲ್ಲ ಎಂದು ಒಪ್ಪಿಕೊಂಡೆ. ಮೂತ್ರದ 92, ಸೋಸಿದ 720ಕ್ಕಿಂತ ಬಹಳ ಕಡಿಮೆ. ಹೊರಗಿನಿಂದ ನೋಡಿದವರಿಗೆ ಮರುಹೀರಿಕೆಯೊಂದೇ ಕಾಣುತ್ತದೆ. ಉತ್ತರ ಸಿಗಬೇಕಾದರೆ ನಳಿಕೆಯ ನಡುವಿನಿಂದಲೇ ದ್ರವ ತೆಗೆಯಬೇಕು. 1964ರಲ್ಲಿ ಮಾಲ್ನಿಕ್, ಕ್ಲೋಸ್ ಮತ್ತು ಗೀಬಿಷ್ ಇಲಿಗಳ ನೆಫ್ರಾನಿಗೆ, ಅಂದರೆ ಗ್ಲೋಮೆರುಲಸ್ ಮತ್ತು ನಳಿಕೆ ಸೇರಿದ ಘಟಕಕ್ಕೆ, ಅತಿ ಸಪೂರದ ಗಾಜಿನ ಕೊಳವೆ ಚುಚ್ಚಿ ಇದನ್ನೇ ಮಾಡಿದರು. ಇಲಿಗೆ ಪೊಟ್ಯಾಶಿಯಂ ಹೆಚ್ಚು ಕೊಟ್ಟಿರಲಿ, ಕಡಿಮೆ ಕೊಟ್ಟಿರಲಿ, ಡಿಸ್ಟಲ್ ನಳಿಕೆಯ ಆರಂಭಕ್ಕೆ ಬರುವಾಗ ಸೋಸಿದ್ದರ ಸುಮಾರು ಹತ್ತನೇ ಒಂದು ಪಾಲೇ ಉಳಿದಿರುತ್ತಿತ್ತು. ವ್ಯತ್ಯಾಸ ಹುಟ್ಟುತ್ತಿದ್ದದ್ದೆಲ್ಲ ಅಲ್ಲಿಂದ ಮುಂದೆ. ಹೆಚ್ಚು ತಿಂದ ಇಲಿಯಲ್ಲಿ ಮುಂದಿನ ಭಾಗದಲ್ಲಿ ಪೊಟ್ಯಾಶಿಯಂ ಏರಿತು. ಬಹಳ ಹೆಚ್ಚು ಕೊಟ್ಟರೆ ಸೋಸಿದ್ದಕ್ಕಿಂತಲೂ ಹೆಚ್ಚು ಪೊಟ್ಯಾಶಿಯಂ ಮೂತ್ರದಲ್ಲಿ ಬರಬಲ್ಲದು. ಬರೀ ಮರುಹೀರಿಕೆಯಿಂದ ಅದು ಎಂದೂ ಆಗದು.

ಕ್ರಮ ಎಂಬ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕಾಯಿತು. ಶೋಧನೆ ಮೊದಲು ಎಂಬುದು ಎಲ್ಲ ವಸ್ತುವಿಗೂ ನಿಜ. ಉಳಿದೆರಡರ ಕ್ರಮ ವಸ್ತುವನ್ನು ಅವಲಂಬಿಸಿದೆ. ಪೆನಿಸಿಲಿನ್‌ನಂಥ ಔಷಧಿಗಳು ಪ್ರಾಕ್ಸಿಮಲ್ ನಳಿಕೆಯಲ್ಲಿಯೇ ಸ್ರವಿಕೆಯಾಗುತ್ತವೆ, ಅಂದರೆ ಗ್ಲೂಕೋಸ್ ಮರುಹೀರಿಕೆಯಾಗುವ ಜಾಗದಲ್ಲಿಯೇ. ಅವಕ್ಕೆ ಒಂದು ಮುಗಿದ ಮೇಲೆ ಇನ್ನೊಂದು ಎಂಬ ಲೆಕ್ಕವಿಲ್ಲ. ಪೊಟ್ಯಾಶಿಯಂ ಹಾಗಲ್ಲ, ಮೂರೂ ಕೆಲಸಗಳು ನಳಿಕೆಯ ಮೇಲೆ ಒಂದರ ನಂತರ ಒಂದು ಜಾಗದಲ್ಲಿ ನಡೆಯುತ್ತವೆ. ಕ್ರಮ ಕಲಿಸಲು ನಾನು ಗ್ಲೂಕೋಸ್ ಬಿಟ್ಟು ಇದನ್ನೇ ಹಿಡಿಯುವುದು ಅದಕ್ಕೆ.

ಆ 20 ಮಿಲಿಮೋಲ್ ಸೇರಿಸುವವು ಡಿಸ್ಟಲ್ ನಳಿಕೆಯ ಕೊನೆ ಮತ್ತು ಸಂಗ್ರಾಹಕ ನಾಳದಲ್ಲಿರುವ ಪ್ರಿನ್ಸಿಪಲ್ ಜೀವಕೋಶಗಳು. ರಕ್ತದ ಬದಿಯಲ್ಲಿರುವ ಪಂಪು ಮೂರು ಸೋಡಿಯಂ ಹೊರದಬ್ಬಿ ಎರಡು ಪೊಟ್ಯಾಶಿಯಂ ಒಳಗೆಳೆಯುತ್ತದೆ. ನಳಿಕೆಯ ಬದಿಯಲ್ಲಿ ಸೋಡಿಯಂ ತನ್ನ ಕಾಲುವೆಯಿಂದ ಕೋಶದೊಳಗೆ ನುಗ್ಗುತ್ತದೆ, ಅದರಿಂದ ನಳಿಕೆಯ ಒಳಭಾಗ ಋಣ ವಿದ್ಯುದಂಶ ಪಡೆಯುತ್ತದೆ, ಧನ ಅಯಾನಾದ ಪೊಟ್ಯಾಶಿಯಂ ಆ ಸೆಳೆತಕ್ಕೆ ಬೇರೊಂದು ಕಾಲುವೆಯಿಂದ ನಳಿಕೆಗೆ ಇಳಿಯುತ್ತದೆ. ಅಲ್ಡೋಸ್ಟಿರೋನ್ ಎಂಬ ಹಾರ್ಮೋನು ಪಂಪನ್ನೂ ಕಾಲುವೆಗಳನ್ನೂ ಹೆಚ್ಚಿಸುತ್ತದೆ. ದ್ರವ ರಭಸದಿಂದ ಹರಿದರೆ ಇಳಿದ ಪೊಟ್ಯಾಶಿಯಂ ಕೂಡಲೇ ಕೊಚ್ಚಿಹೋಗಿ ಇನ್ನಷ್ಟು ಇಳಿಯಲು ಜಾಗವಾಗುತ್ತದೆ.

ಇದು ಅರ್ಥವಾಯಿತೋ ಎಂದು ನೋಡಲು ಒಂದು ಉಪಪ್ರಶ್ನೆ ಕೊಟ್ಟೆ: ಮೂತ್ರ ಹೆಚ್ಚಿಸುವ ಔಷಧಿ ಫ್ರುಸೆಮೈಡ್ ಕೊಟ್ಟವರಲ್ಲಿ ರಕ್ತದ ಪೊಟ್ಯಾಶಿಯಂ ಯಾಕೆ ಇಳಿಯುತ್ತದೆ? ದಪ್ಪ ಏರುಭಾಗದ ಸಾಗಣೆಯನ್ನು ಅದು ತಡೆಯುವುದರಿಂದ ಅಲ್ಲಿ ಹೀರಬೇಕಾದ ಪೊಟ್ಯಾಶಿಯಂ ಮೂತ್ರಕ್ಕೆ ಹೋಗುತ್ತದೆ ಎಂದು ಎಲ್ಲರೂ ಬರೆದರು. ಅರ್ಧ ಅಂಕ ಕೊಟ್ಟೆ. ಉಳಿದರ್ಧ ಕೆಳಗಿನ ಭಾಗದಲ್ಲಿದೆ. ಹೀರದೆ ಬಿಟ್ಟ ಸೋಡಿಯಂ, ನೀರು ಎರಡೂ ಸಂಗ್ರಾಹಕ ನಾಳದತ್ತ ಹೆಚ್ಚು ಹೋಗುತ್ತವೆ, ಸೋಡಿಯಂ ಹೆಚ್ಚು ನುಗ್ಗುತ್ತದೆ, ಹರಿವಿನ ರಭಸ ಏರುತ್ತದೆ, ಸ್ರವಿಕೆ ಏರುತ್ತದೆ. ಅದೇ ಸೋಡಿಯಂ ಕಾಲುವೆಯನ್ನು ಮುಚ್ಚುವ ಅಮಿಲೊರೈಡ್ ಕೊಟ್ಟರೆ ಪೊಟ್ಯಾಶಿಯಂ ವಿಸರ್ಜನೆ ಇಳಿಯುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ವಿವರಿಸಲಾಗದಿದ್ದರೆ ಸ್ರವಿಕೆ ಇನ್ನೂ ಹಾಳೆಯ ಮೇಲಿನ ಪದವಾಗಿಯೇ ಉಳಿದಿದೆ ಎಂದರ್ಥ.

ಹೊರಡುವ ಹೊತ್ತಿಗೆ ಕುಂದಾಪುರದ ಹುಡುಗ ಕೇಳಿದ: "ನಮ್ಮ ಅಜ್ಜಿಗೆ ಕಿಡ್ನಿ ತೊಂದ್ರೆ ಉಂಟು ಮೇಡಂ. ಡಾಕ್ಟ್ರು ಸೀಯಾಳ ಕುಡೀಬೇಡಿ ಅಂದಿದ್ದಾರೆ. ಅಷ್ಟು ತಂಪಿನದ್ದನ್ನು ಯಾಕೆ ಬೇಡ ಅನ್ನೋದು?"

ಕರಾವಳಿಯಲ್ಲಿ ಈ ಪ್ರಶ್ನೆ ಬರದ ಮನೆ ಕಡಿಮೆ. ಮತ್ತೆ ಬೋರ್ಡಿಗೆ ಹೋದೆ. ಸೀಯಾಳದ 100 ಮಿಲಿಲೀಟರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತದೆ, ಕಾಯಿ ಬಲಿತ ಹಾಗೆ, ಜಾತಿ ಬದಲಾದ ಹಾಗೆ ವ್ಯತ್ಯಾಸ. ಒಂದರಲ್ಲಿ 300 ಮಿಲಿಲೀಟರ್ ನೀರು ಎಂದಿಟ್ಟುಕೊಂಡರೆ ಸುಮಾರು 16 ಮಿಲಿಮೋಲ್. ಜೀವಕೋಶಗಳ ಹೊರಗಿನ ದ್ರವ 14 ಲೀಟರ್, ಅದರಲ್ಲಿರುವ ಪೊಟ್ಯಾಶಿಯಂ ಒಟ್ಟು 56. ಕುಡಿದ 16 ಅಷ್ಟೂ ಅಲ್ಲೇ ನಿಂತರೆ ಪ್ಲಾಸ್ಮಾದ ಮಟ್ಟ 4ರಿಂದ 5 ದಾಟಬೇಕು. ಆರೋಗ್ಯವಂತರಲ್ಲಿ ಹಾಗಾಗುವುದಿಲ್ಲ. ಇನ್ಸುಲಿನ್ ಮೊದಲು ಬಹುಪಾಲನ್ನು ಜೀವಕೋಶಗಳೊಳಗೆ ದೂಡುತ್ತದೆ, ನಂತರದ ಗಂಟೆಗಳಲ್ಲಿ ಪ್ರಿನ್ಸಿಪಲ್ ಕೋಶಗಳು ಅಷ್ಟನ್ನೂ ನಳಿಕೆಗೆ ಸುರಿಯುತ್ತವೆ.

ಕಾಯಿಲೆಯ ಮೂತ್ರಪಿಂಡದ ಲೆಕ್ಕ ಬೇರೆ. ಸೋಸುವ ಪ್ರಮಾಣ ನಿಮಿಷಕ್ಕೆ 10 ಮಿಲಿಲೀಟರಿಗೆ ಇಳಿದಿದೆ, ಪ್ಲಾಸ್ಮಾದ ಪೊಟ್ಯಾಶಿಯಂ 5 ಇದೆ ಎಂದುಕೊಳ್ಳೋಣ. ದಿನಕ್ಕೆ 14.4 ಲೀಟರ್, ಸೋಸಿದ ಪೊಟ್ಯಾಶಿಯಂ ಬರೀ 72. ಮೂತ್ರದಲ್ಲಿ 50 ಹೋಗಬೇಕಾದರೆ ಮುಕ್ಕಾಲಿಗೆ ಹತ್ತಿರ ಹತ್ತಿರದ ಪಾಲು ಹೊರಬೀಳಬೇಕು. ಮೇಲಿನ ಭಾಗಗಳ ಮರುಹೀರಿಕೆ ಇಲ್ಲಿ ಸ್ವಲ್ಪ ತಗ್ಗಿದ್ದರೂ, ಅದರ ದೊಡ್ಡ ಪಾಲು ಸ್ರವಿಕೆಯಿಂದಲೇ ಬರಬೇಕು. ಉಳಿದಿರುವ ಕೆಲವೇ ನೆಫ್ರಾನುಗಳು ಈಗಾಗಲೇ ತಮ್ಮ ಮಿತಿಯ ಹತ್ತಿರ ದುಡಿಯುತ್ತಿವೆ. ಅದರ ಮೇಲೆ ರಕ್ತದೊತ್ತಡಕ್ಕೆಂದು ಅಲ್ಡೋಸ್ಟಿರೋನ್ ತಗ್ಗಿಸುವ ಮಾತ್ರೆಯೂ ಇದ್ದರೆ, ಇನ್ನೊಂದು 16ನ್ನು ಹೊರಹಾಕುವ ಕೈಯೇ ಇಲ್ಲ. ಪೊಟ್ಯಾಶಿಯಂ ಏರಿ ನಾಡಿ ಲಯ ತಪ್ಪಬಹುದು, ಇಸಿಜಿಯಲ್ಲಿ ಟಿ ಅಲೆ ಎತ್ತರಕ್ಕೆ ಚೂಪಾಗಬಹುದು. ಎಷ್ಟೋ ಸಲ ಅದಕ್ಕಿಂತ ಮೊದಲು ಯಾವ ಲಕ್ಷಣವೂ ಕಾಣುವುದಿಲ್ಲ, ರಕ್ತಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತದೆ.

"ಹಾಗಾದ್ರೆ ಅಜ್ಜಿಗೆ ಸೋಸುವುದು ಕಡಿಮೆಯಾದದ್ದೇ ತೊಂದರೆ ಅಲ್ವಾ?" ಎಂದ ಅವನು.

ಅದೇ ಬೇರು, ಆದರೆ ಪೊಟ್ಯಾಶಿಯಂ ನಿಲ್ಲುವುದು ಸೋಸುವ ಜಾಗದಲ್ಲಿ ಅಲ್ಲ, ಎಂದೆ. ಅವನು ಸೀಮೆಸುಣ್ಣ ತೆಗೆದುಕೊಂಡು ಗ್ಲೋಮೆರುಲಸ್‌ನಿಂದ ಎಳೆದಿದ್ದ ಸ್ರವಿಕೆಯ ಬಾಣವನ್ನು ಒರೆಸಿದ. ನಳಿಕೆಯ ಕೊನೆಯ ಪಕ್ಕದಲ್ಲಿ ಒಂದು ಲೋಮನಾಳ ಬಿಡಿಸಿ, ಅಲ್ಲಿಂದ ಒಳಮುಖವಾಗಿ ಹೊಸ ಬಾಣ ಎಳೆದ. ಅದರ ಕೆಳಗೆ 720, ಕಳೆ 468, ಕಳೆ 180, ಕೂಡು 20, ಸಮ 92 ಎಂದು ಬರೆದ.