ಡಬ್ಬಿ 40 ಹೊರಗೆ

ಹುಬ್ಬಳ್ಳಿಯ ಒಂದು ಮೆಣಸಿನಕಾಯಿ ವ್ಯಾಪಾರದ ಕಚೇರಿಯಲ್ಲಿ ಲಾರಿ ಮತ್ತು ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಸರಕು ಇರುವುದು ಬ್ಯಾಡಗಿಯ ಶೀತಲಗೃಹದಲ್ಲಿ. ಅಲ್ಲಿ ನಮ್ಮವರು ಇಬ್ಬರು. ಮಾರುಕಟ್ಟೆ ಸುತ್ತಿ ಮಾಲು ನೋಡುವ ಒಬ್ಬ ಹುಡುಗ, ಶೀತಲಗೃಹದ ಚೀಟಿ ಮತ್ತು ಹಮಾಲರ ಉಸ್ತುವಾರಿ ನೋಡುವ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಮೂವರ ನಡುವಿನ ಮಾತೆಲ್ಲ ಮೊಬೈಲಿನಲ್ಲಿ, ಒಂದೊಂದು ಸಾಲಿನಲ್ಲಿ.

ಮುಂಗಾರು ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ನಾನು ಕೇಳಿದೆ: "ನಾಳೆಯ ಲಾರಿಗೆ ಡಬ್ಬಿ ಎಷ್ಟು ಚೀಲ ಹೊರಗೆ ಬಂದಿದೆ?" ಡಬ್ಬಿ ಎಂದರೆ ಬ್ಯಾಡಗಿ ಮೆಣಸಿನಕಾಯಿಯ ಒಂದು ಬಗೆ. ಹುಡುಗ ಉತ್ತರಿಸುವ ಮೊದಲೇ ಕಾಕಾ ಬರೆದರು: "ಹಮಾಲರು ಬಂದಿದ್ದಾರೆ. ಇವತ್ತು ಏನು ಕೆಲಸ?" ಅದರ ಕೆಳಗೆ ಹುಡುಗನ ಸಾಲು ಬಂತು: "ಡಬ್ಬಿ 40 ಹೊರಗೆ."

ಅವನು ಉತ್ತರ ಕೊಟ್ಟದ್ದು ನನಗೆ. ನಲವತ್ತು ಚೀಲ ಹಿಂದಿನ ಸಂಜೆಯೇ ಹೊರಬಂದಿದ್ದವು. ಕಾಕಾ ಅದನ್ನು ತಮ್ಮ ಪ್ರಶ್ನೆಗೆ ಬಂದ ಉತ್ತರವೆಂದು ಓದಿ, ಇನ್ನೂ ನಲವತ್ತು ಚೀಲ ತೆಗೆಸಿದರು.

ಕಾಕಾ ತಪ್ಪು ಓದಿದರು ಎಂದು ನಾನು ಒಪ್ಪುವುದಿಲ್ಲ. ಆ ಹುಡುಗ ಅವರಿಂದ ಏನು ಬೇಕಾದರೂ ಹೀಗೆಯೇ ಕೇಳುತ್ತಿದ್ದ: "ಕೀಲಿ, ಕಾಕಾ." "ರಸೀದಿ, ಕಾಕಾ." ತಂದೆಯ ವಯಸ್ಸಿನವರಿಗೆ 'ತೆಗೆಸಿ', 'ಕಳಿಸಿ' ಎಂದು ಬರೆಯಲು ಅವನ ಕೈ ಬರುವುದಿಲ್ಲ. ಬಹುವಚನ ಹಾಕಿದರೂ ಅಪ್ಪಣೆ ಅಪ್ಪಣೆಯೇ. ಆದ್ದರಿಂದ ಕ್ರಿಯಾಪದವನ್ನೇ ಕೈಬಿಟ್ಟು ಹೆಸರನ್ನಷ್ಟೇ ಬರೆಯುತ್ತಿದ್ದ. ಅದು ಸೋಮಾರಿತನವಲ್ಲ, ಮರ್ಯಾದೆ. ಆದರೆ ಅವನ ಕ್ರಿಯಾಪದವಿಲ್ಲದ ಸಾಲೆಲ್ಲ ಬೇಡಿಕೆಯೇ ಎಂದು ಓದುವ ರೂಢಿ ಕಾಕಾ ಅವರಿಗೆ ಬಿದ್ದಿತ್ತು. ಈ ಸಾಲು ವರದಿ ಎಂದು ತಿಳಿಯುವುದಕ್ಕೆ ಅದರಲ್ಲಿ ಯಾವ ಗುರುತೂ ಇರಲಿಲ್ಲ. ಎದುರು ನಿಂತು ಹೇಳಿದ್ದರೆ ದನಿಯಲ್ಲೇ ಗೊತ್ತಾಗುತ್ತಿತ್ತು.

ಮಳೆಗಾಲದಲ್ಲಿ ಇದು ಸಣ್ಣ ವಿಷಯವಲ್ಲ. ತಣ್ಣಗಿನ ಕೋಣೆಯಿಂದ ಬಂದ ಕಾಯಿಗೆ ಹೊರಗಿನ ತೇವದ ಗಾಳಿ ತಗುಲಿದರೆ ಅದರ ಮೇಲೆ ನೀರು ಕೂಡುತ್ತದೆ. ಚೀಲದ ಬಾಯಿ ಬಿಚ್ಚದೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಬಿಡಿಬಿಡಿಯಾಗಿ ನಿಲ್ಲಿಸಿದರೆ ಆ ನೀರು ಹೆಚ್ಚಾಗಿ ಚೀಲದ ಹೊರಮೈಯಲ್ಲೇ ಉಳಿಯುತ್ತದೆ. ಆ ದಿನ ಹೆಚ್ಚುವರಿ ಚೀಲಗಳಿಗೆ ಹಲಗೆಯ ಮೇಲೆ ಜಾಗ ಇರಲಿಲ್ಲ. ಒಂದರ ಮೇಲೊಂದು ಒಟ್ಟಿದ್ದರು. ಬಣ್ಣ ನೋಡಲೆಂದು ಯಾರೋ ಕೆಲವು ಚೀಲಗಳ ಹೊಲಿಗೆಯನ್ನೂ ಬಿಚ್ಚಿದ್ದರು.

ಮರುದಿನ ನಾನೇ ಹೋದೆ. ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲುಗಾಡಿಸಿದೆ. ಒಣಗಿದ ಡಬ್ಬಿಯ ಒಳಗೆ ಬೀಜ ಗಲಗಲ ಎನ್ನಬೇಕು, ಮಡಚಿದರೆ ಸಿಪ್ಪೆ ಮುರಿಯಬೇಕು. ಇದು ಸದ್ದೇ ಮಾಡಲಿಲ್ಲ. ಮಡಚಿದರೆ ತೊಗಲಿನಂತೆ ಬಾಗಿ ಮತ್ತೆ ನೆಟ್ಟಗಾಯಿತು. ಹಾಗೆಯೇ ಒಳಗೆ ಇಟ್ಟರೆ ಬೂಸ್ಟು ಹಿಡಿಯುವುದು ಖಂಡಿತ. ಬಿಸಿಲಿಲ್ಲದ ಕಾರಣ ಬಿಚ್ಚಿದ ಚೀಲಗಳನ್ನು ಛಾವಣಿಯ ಕೆಳಗೆ ತಾಡಪತ್ರಿಯ ಮೇಲೆ ಹರಡಿ, ಫ್ಯಾನ್ ಹಚ್ಚಿ, ಕೊನೆಗೆ ಪುಡಿ ಮಾಡುವವರಿಗೆ ಕಡಿಮೆ ದರಕ್ಕೆ ಕೊಟ್ಟೆವು.

ಹುಡುಗ ಹಲುಬುತ್ತಿದ್ದ: "ನಾನು ತೆಗೆಸಿ ಎಂದು ಬರೆದೇ ಇಲ್ಲವಲ್ಲ, ಅಕ್ಕಾ." ನಿಜ. ಆದರೆ ಹಾಗೆ ಬರೆದಿದ್ದರೂ ಗೊಂದಲ ತೀರುತ್ತಿರಲಿಲ್ಲ. 'ತೆಗೆಸಿ' ಎನ್ನುವುದು ಅಪ್ಪಣೆಯೂ ಆಗುತ್ತದೆ, 'ತೆಗೆಸಿ ಆಗಿದೆ' ಎನ್ನುವುದರ ಅರ್ಧವೂ ಆಗುತ್ತದೆ.

ಚಿಕ್ಕ ಉತ್ತರದ ಮೇಲೆ ನನಗೆ ಸಿಟ್ಟಿಲ್ಲ. "ಎಷ್ಟು ಚೀಲ ಬಂದವು?" ಎಂದರೆ "ನಲವತ್ತು" ಎಂಬುದು ಪೂರ್ಣ ಉತ್ತರ, ಏಕೆಂದರೆ ಕ್ರಿಯಾಪದ ಪ್ರಶ್ನೆಯಲ್ಲೇ ಇದೆ. ಆದರೆ ಆ ಎರಡು ಸಾಲುಗಳ ನಡುವೆ ಮೂರನೆಯವರ ಪ್ರಶ್ನೆ ನುಸುಳಿದರೆ ಉತ್ತರ ಅದರ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. ವಿಭಕ್ತಿಯೂ ಉದುರಿದರೆ ಇನ್ನೂ ಕಷ್ಟ. 'ಬ್ಯಾಡಗಿಯಿಂದ 40' ಎಂದರೆ ಲಾರಿ ಯಾವ ಕಡೆ ಹೊರಟಿದೆ ಎಂದಾದರೂ ತಿಳಿಯುತ್ತದೆ. 'ಬ್ಯಾಡಗಿ 40' ಎಂದರೆ ಅದೂ ಇಲ್ಲ.

ಹುಡುಗನ ಸಂಕೋಚಕ್ಕೆ ದಾರಿ ಕನ್ನಡದಲ್ಲೇ ಇತ್ತು. 'ಬೇಕು', 'ಆಗಿದೆ', 'ಆಗಿಲ್ಲ' ಇವುಗಳಲ್ಲಿ ನೀನು, ನೀವು ಎಂಬ ಭೇದ ಕಾಣುವುದಿಲ್ಲ. "ಡಬ್ಬಿ 40 ತೆಗೆಯಬೇಕು" ಎಂದರೆ ಹಿರಿಯರಿಗೆ ಅಪ್ಪಣೆ ಮಾಡಿದಂತೆ ಆಗುವುದಿಲ್ಲ. "ಡಬ್ಬಿ 40 ತೆಗೆದಾಗಿದೆ" ಎಂದರೆ ಯಾರೂ ಮತ್ತೆ ತೆಗೆಯುವುದಿಲ್ಲ. ಅವನಿಗೆ ಇದು ಕೂಡಲೇ ಒಗ್ಗಿತು. ಕಾಕಾ ಅವರಿಗೂ ಸಮಾಧಾನವಾಯಿತು. "ಈಗ ನನಗೆ ಕೆಲಸ ಇದೆಯೋ ಇಲ್ಲವೋ ಎಂಬುದು ಸಾಲಿನ ತುದಿಯಲ್ಲೇ ಗೊತ್ತಾಗುತ್ತದೆ ನೋಡು, ತಮ್ಮಾ" ಎಂದು ಹುಡುಗನಿಗೆ ಹೇಳಿದರು.

ಇದೂ ಎಲ್ಲ ಕಡೆ ಸಾಲುವುದಿಲ್ಲ. "ಇಂದು ತೆಗೆಸೋಣವೇ, ನಾಳೆ ತೆಗೆಸೋಣವೇ?" ಎಂದು ಕೇಳಿದರೆ ಈಗಲೂ ಬರುವ ಉತ್ತರ "ಆಗಲಿ". ಅದಕ್ಕೆ ನಾನು ಒಂದು ಸಾಲಿನಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ: "ಇಂದು ತೆಗೆಸಬೇಕೇ?"