ಪ್ಲೇಟಿನಲ್ಲಿ ಗೆದ್ದ ಗ್ರೀನ್ ಟೀ ರಕ್ತದಲ್ಲಿ ಯಾಕೆ ಸೋಲುತ್ತದೆ

ಕಿಣ್ವಗಳನ್ನು ತಡೆಯುವ ವಸ್ತುಗಳನ್ನು ಹುಡುಕುವುದು ನನ್ನ ಕೆಲಸ. ಗಿಡಮೂಲಿಕೆಯ ಸಾರಗಳನ್ನು ಪ್ರಯೋಗಾಲಯದ ಪ್ಲೇಟಿನಲ್ಲಿ ಪರೀಕ್ಷೆಗೆ ಹಾಕಿದರೆ ಗ್ರೀನ್ ಟೀ ಮೇಲಿಂದ ಮೇಲೆ ಗೆಲ್ಲುತ್ತದೆ. ಕಾರಣ ಟೀ ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ರಾಸಾಯನಿಕಗಳಲ್ಲಿ ಮುಖ್ಯವಾದ ಇಜಿಸಿಜಿ. ಒಂದು ಪ್ರೋಟಿಯೇಸ್ ಕಿಣ್ವದ ವೇಗ ಅರ್ಧಕ್ಕೆ ಇಳಿಯಲು ಸುಮಾರು 20 ಮೈಕ್ರೋಮೋಲಾರ್ ಸಾಂದ್ರತೆ ಸಾಕಾಯಿತು ಅಂದುಕೊಳ್ಳಿ. ನೋಡಲು ಒಳ್ಳೆಯ ಫಲಿತಾಂಶವೇ.

ಆದರೆ ಅದನ್ನು ನಂಬುವ ಮುಂಚೆ ಕೆಲವು ತಪಾಸಣೆ ಮಾಡಲೇಬೇಕು. ಇಜಿಸಿಜಿಯ ತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ. ಅವು ಯಾವ ಪ್ರೋಟೀನ್ ಸಿಕ್ಕರೂ ಅಂಟಿಕೊಳ್ಳುತ್ತವೆ. ಜೊತೆಗೆ ಪಿಎಚ್ 7.4ರ ಬಫರಿನಲ್ಲಿ ಇಟ್ಟರೆ ಇಜಿಸಿಜಿ ತಾನೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ದ್ರಾವಣ ಹಳದಿ, ಕಂದು ಬಣ್ಣಕ್ಕೆ ತಿರುಗಿದರೆ ಅದೇ ಸುಳಿವು. ಆಗ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿ ಮತ್ತೊಮ್ಮೆ ನೋಡುತ್ತೇವೆ. ತಡೆ ಮಾಯವಾದರೆ ಕಿಣ್ವವನ್ನು ಕೆಡಿಸಿದ್ದು ಪೆರಾಕ್ಸೈಡ್ ಎಂದರ್ಥ. ಇನ್ನೊಂದು ತಟ್ಟೆಗೆ 0.01% ಟ್ರೈಟಾನ್ ಎಕ್ಸ್-100 ಸೇರಿಸುತ್ತೇವೆ. ಅಣುಗಳು ಮುದ್ದೆಯಾಗಿ ಕಿಣ್ವವನ್ನು ಹಿಡಿದಿದ್ದರೆ ಈ ಡಿಟರ್ಜೆಂಟ್ ಆ ಮುದ್ದೆಯನ್ನು ಬಿಡಿಸುತ್ತದೆ.

ಇಷ್ಟೆಲ್ಲ ದಾಟಿಯೂ 20 ಮೈಕ್ರೋಮೋಲಾರ್ ಉಳಿಯಿತು ಅನ್ನಿ. ಈಗ ಲೆಕ್ಕ ಹಾಕೋಣ. ಗಟ್ಟಿಯಾಗಿ ಮಾಡಿದ ಒಂದು ಕಪ್ಪಿನಲ್ಲಿ ಸುಮಾರು 100 ಮಿಲಿಗ್ರಾಂ ಇಜಿಸಿಜಿ ಇದೆ ಎಂದಿಟ್ಟುಕೊಂಡರೆ, ಅದರ ಅಣುತೂಕ 458 ಇರುವುದರಿಂದ 0.22 ಮಿಲಿಮೋಲ್ ಆಯಿತು. ಅಷ್ಟೂ ರಕ್ತದ ದ್ರವಭಾಗವಾದ 3 ಲೀಟರ್ ಪ್ಲಾಸ್ಮಾದಲ್ಲಿ ಕರಗಿದರೆ 70 ಮೈಕ್ರೋಮೋಲಾರ್ ದಾಟುತ್ತದೆ. ಸಾಕಷ್ಟಾಯಿತು ಅಲ್ವಾ? ಆದರೆ ಒಂದೆರಡು ಕಪ್ ಕುಡಿದವರ ರಕ್ತದಲ್ಲಿ ಅದು ಏರಿದಾಗಲೂ ಸಾಮಾನ್ಯವಾಗಿ 1 ಮೈಕ್ರೋಮೋಲಾರಿಗಿಂತ ಬಹಳ ಕಡಿಮೆ, 0.1ರಿಂದ 0.3ರ ಆಸುಪಾಸು. ಕೆಲವು ಗಂಟೆಗಳಲ್ಲಿ ಅದೂ ಇಳಿದುಬಿಡುತ್ತದೆ.

ಉಳಿದದ್ದು ಎಲ್ಲಿ ಹೋಯಿತು? ಸಣ್ಣ ಕರುಳಿನ ಕ್ಷಾರದಲ್ಲಿ ಒಂದಷ್ಟು ಕೆಡುತ್ತದೆ. ಕರುಳಿನ ಜೀವಕೋಶದೊಳಗೆ ಹೋದದ್ದನ್ನು ಪಂಪ್ ಪ್ರೋಟೀನ್‌ಗಳು ವಾಪಸ್ ಹೊರಗೆ ತಳ್ಳುತ್ತವೆ. ಉಳಿದುಕೊಂಡದ್ದಕ್ಕೆ ಕರುಳು, ಯಕೃತ್ತು ಎರಡೂ ಸೇರಿ ಮೀಥೈಲ್, ಸಲ್ಫೇಟ್, ಗ್ಲೂಕುರೋನೈಡ್ ಅಂಟಿಸುತ್ತವೆ. ನಾವು ಪ್ಲೇಟಿಗೆ ಹಾಕಿದ್ದು ಶುದ್ಧ ಇಜಿಸಿಜಿ. ದೇಹದೊಳಗೆ ಅಡ್ಡಾಡುವುದರಲ್ಲಿ ಬೇರೆ ರೂಪದ ಅಣುಗಳೂ ಇವೆ. ಹೀರಿಕೆಯಾಗದ್ದು ದೊಡ್ಡ ಕರುಳಿಗೆ ಹೋಗಿ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ.

ಹಾಗಾದರೆ ಪ್ರಮಾಣ ಜಾಸ್ತಿ ಮಾಡಿದರೆ? ಖಾಲಿ ಹೊಟ್ಟೆಯಲ್ಲಿ ದೊಡ್ಡ ಮಾತ್ರೆ ನುಂಗಿದರೆ ರಕ್ತದ ಮಟ್ಟ ಕೆಲವು ಮೈಕ್ರೋಮೋಲಾರಿಗೆ ಏರುತ್ತದೆ, ನಿಜ. ಆದರೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದಂತೆ, ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ತೆಗೆದುಕೊಂಡವರಲ್ಲಿ ಯಕೃತ್ತಿನ ಕಿಣ್ವಗಳು ರಕ್ತದಲ್ಲಿ ಏರಿದ್ದವು. ಅದು ಯಕೃತ್ತಿಗೆ ಪೆಟ್ಟು ಬೀಳುತ್ತಿರುವ ಲಕ್ಷಣ.

ನಾನು ಈಗ ಮೊದಲು ಕೇಳುವುದು ಕಿಣ್ವ ಎಲ್ಲಿದೆ ಎಂದು. ಆಹಾರದ ಪಿಷ್ಟ, ಕೊಬ್ಬನ್ನು ಒಡೆಯುವ ಅಮೈಲೇಸ್, ಲೈಪೇಸ್ ಕೆಲಸ ಮಾಡುವುದು ಹೆಚ್ಚಾಗಿ ಕರುಳಿನ ಒಳಗೇ. ಅಲ್ಲಿ ಟೀ ನೇರವಾಗಿ ಬಂದು ಮುಟ್ಟುತ್ತದೆ, ರಕ್ತಕ್ಕೆ ಸೇರಬೇಕಾಗಿಯೇ ಇಲ್ಲ. ಊಟದ ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡು ಪರಿಣಾಮ ತಗ್ಗಿಸಬಹುದು ನಿಜ, ಆದರೂ ಆ ಸಂಖ್ಯೆಗಳ ಹಿಂದೆ ಹೋಗಲು ಅರ್ಥವಿದೆ. ಸ್ನಾಯು, ಮಿದುಳು, ಗಡ್ಡೆಯೊಳಗಿನ ಕಿಣ್ವವಾದರೆ, 20 ಮೈಕ್ರೋಮೋಲಾರ್ ಪಕ್ಕದಲ್ಲೇ ರಕ್ತದ 0.2 ಅನ್ನೂ ಬರೆದ ಮೇಲೆಯೇ ವರದಿಗೆ ಸಹಿ ಹಾಕುತ್ತೇನೆ.